ಆರನೆಯ ಸಾಲಿನ ಕೆಳಗೆ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪುಟ್ಟಿ ಹೆಗಲು ಮುಟ್ಟಿಕೊಳ್ಳಲಿಲ್ಲ, ಅಷ್ಟೇ. ಬ್ಯಾಂಕಿನ ಬೆಂಚಿನ ಮೇಲೆ ಕೂತು ಕೈಚೀಲವನ್ನು ಮಾತ್ರ ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಚೀಲದೊಳಗೆ ಒಂದು ಪ್ಲಾಸ್ಟಿಕ್ ಕವರು, ಕವರಿನೊಳಗೆ ಅಪ್ಪ ಸಹಿ ಮಾಡಿಕೊಟ್ಟ ಅಧಿಕಾರ ಪತ್ರ. ಅದರಲ್ಲಿ ಏಳು ಸಾಲುಗಳ ಪಟ್ಟಿ. ಆರು ಸಾಲು ಅಪ್ಪ ಹೇಳಿ ಬರೆಸಿದ್ದು. ಏಳನೆಯದು, ಅಪ್ಪ ಸಹಿ ಹಾಕಿ ಎದ್ದುಹೋದ ಮೇಲೆ ಇವಳೇ ಸೇರಿಸಿದ್ದು.

ಪುಟ್ಟಿ ಅಂದರೆ ಎರಡು ಜಡೆಯ ಹುಡುಗಿ ಅಂದುಕೊಳ್ಳಬೇಡಿ. ಐವತ್ತು ದಾಟಿದ ಹೆಂಗಸು. ದೊಡ್ಡಾಸ್ಪತ್ರೆಯ ಎದುರು ಔಷಧಿ ಅಂಗಡಿಯಲ್ಲಿ ಅರ್ಧ ಆಯುಸ್ಸು ಕಳೆದವಳು. ಮನೆಯಲ್ಲಿ ಅಪ್ಪ ಕರೆಯುವ ಹೆಸರು ಅದು, ಹಾಗಾಗಿ ಅಂಗಡಿಯ ಮಾಲೀಕನಿಂದ ಹಿಡಿದು ಪಕ್ಕದ ಮನೆಯ ಮಗುವಿನವರೆಗೂ ಅದೇ ಅಂಟಿಕೊಂಡಿತ್ತು. ವೈದ್ಯರ ಸಹಿಯ ಮೇಲೆ ಉಳಿದ ಜಾಗದಲ್ಲಿ ಯಾರಾದರೂ ನಿದ್ದೆ ಮಾತ್ರೆಯ ಹೆಸರು ತುರುಕಿಕೊಂಡು ಬಂದರೆ ಒಂದೇ ನೋಟಕ್ಕೆ ಹಿಡಿಯುತ್ತಿದ್ದಳು. ಸೇರಿಸಿದ ಸಾಲು ಯಾವಾಗಲೂ ಸ್ವಲ್ಪ ಇಕ್ಕಟ್ಟಾಗಿರುತ್ತದೆ, ಶಾಯಿ ಬೇರೆಯಾಗಿರುತ್ತದೆ. ಇದೆಲ್ಲ ಗೊತ್ತಿದ್ದುದರಿಂದಲೇ ಅವಳು ಅದೇ ಪೆನ್ನು ತೆಗೆದುಕೊಂಡು, ಅಷ್ಟೇ ಜಾಗ ಬಿಟ್ಟು, ಅದೇ ಕೈಯಲ್ಲಿ ಬರೆದಿದ್ದಳು. ಕಳ್ಳನನ್ನು ಹಿಡಿಯುವವರಿಗೆ ಕಳ್ಳತನ ಕಲಿಸಬೇಕಾಗಿಲ್ಲ ನೋಡಿ.

ಆರು ಸಾಲುಗಳ ಕಥೆ ನಗು ಬರುವಂಥದ್ದು. ಎಂಬತ್ತು ದಾಟಿದ ಅಪ್ಪನಿಗೆ ಫೋನಿನಲ್ಲಿ ಯಾರು ಏನು ಕೇಳಿದರೂ ‘ಆಯ್ತಪ್ಪ’ ಎನ್ನುವ ರೂಢಿ. ಕಿವಿ ಮಂದ, ಕೇಳಿಸದಿದ್ದುದಕ್ಕೂ ‘ಆಯ್ತಪ್ಪ’. ಹಾಗಾಗಿ ತಿಂಗಳು ತಿಂಗಳು ಅವನ ಖಾತೆಯಿಂದ ತಾನಾಗಿಯೇ ಹಣ ಹೋಗುತ್ತಿತ್ತು: ಕೂದಲು ಬೆಳೆಸುವ ಎಣ್ಣೆಗೆ, ತಲೆ ನುಣ್ಣಗಿದ್ದರೂ, ಇಲ್ಲದ ಕಂಪ್ಯೂಟರಿನ ವೈರಸ್ ರಕ್ಷಣೆಗೆ, ಮಕ್ಕಳ ಕಾರ್ಟೂನ್ ಚಾನೆಲ್ಲುಗಳಿಗೆ, ಓದದ ಎರಡು ಪತ್ರಿಕೆಗಳಿಗೆ, ಎಂದೋ ಒಡೆದು ಎಸೆದ ಮೊಬೈಲಿನ ವಿಮೆಗೆ. ‘ಇದೇನಪ್ಪ, ಊರಿನವರಿಗೆಲ್ಲ ನೀನೇ ಸಂಬಳ ಕೊಡ್ತಿದ್ದೀಯಲ್ಲ’ ಎಂದು ಪುಟ್ಟಿ ಬೈದಾಗ ಅಪ್ಪನೂ ನಕ್ಕಿದ್ದ. ಇವನ್ನೆಲ್ಲ ನಿಲ್ಲಿಸಲು ಬ್ಯಾಂಕಿಗೂ ಕಂಪನಿಗಳಿಗೂ ತನ್ನ ಪರವಾಗಿ ಮಗಳೇ ಓಡಾಡಲಿ ಎಂದು ಪತ್ರ ಬರೆಸಿದ್ದ.

ಪತ್ರ ಬರೆಸುವುದೆಂದರೆ ಅಪ್ಪನಿಗೆ ಹಬ್ಬ. ನೋಂದಣಿ ಕಚೇರಿಯ ಮೆಟ್ಟಿಲ ಬಳಿ ಮೇಜು ಹಾಕಿಕೊಂಡು ಜನ್ಮವಿಡೀ ಜನರ ದಸ್ತಾವೇಜು ಬರೆದವನು ಅವನು. ಖಾತೆ ಸಂಖ್ಯೆ, ಮಗಳ ಹೆಸರು, ಗುರುತಿನ ಚೀಟಿಯ ಸಂಖ್ಯೆ, ಒಂದೊಂದು ಆಟೋ ಡೆಬಿಟ್ಟಿನ ಉಲ್ಲೇಖ ಸಂಖ್ಯೆ, ಪತ್ರ ಎಲ್ಲಿಯವರೆಗೆ ಜಾರಿಯಲ್ಲಿರುತ್ತದೆ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದ. ‘ಎಲ್ಲಾ ನಿಲ್ಲಿಸಿ ಅಂತ ಬರೀಬಾರದು ಪುಟ್ಟಿ. ಎಲ್ಲಾ ಅನ್ನೋ ಪದಕ್ಕೆ ಹೊಟ್ಟೆ ದೊಡ್ಡದು, ಬೇಕಾದ್ದನ್ನೂ ನುಂಗಿಬಿಡುತ್ತೆ.’ ಕೊನೆಗೆ ಹಾಳೆಯ ಬುಡದಲ್ಲಿ ಸಹಿ ಹಾಕಿ, ಆರನೆಯ ಸಾಲಿಗೂ ಸಹಿಗೂ ನಡುವೆ ಉಳಿದ ಜಾಗ ನೋಡಿ, ‘ಸ್ಕೇಲ್ ಎಲ್ಲಿ?’ ಎಂದು ಕೇಳಿದ್ದ. ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದು ಮುಚ್ಚುವುದು ಅವನ ಕಸುಬಿನ ಮೊದಲ ಪಾಠ. ಪುಟ್ಟಿ ಹುಡುಕಲು ಎದ್ದಳು. ಅಷ್ಟರಲ್ಲಿ ಅವನೇ, ‘ಬಿಡು, ನಿನ್ನ ಕೈಲಿ ತಾನೆ ಇರೋದು’ ಎಂದು ಕನ್ನಡಕ ತೆಗೆದಿಟ್ಟು ಮಲಗಲು ಹೋದ.

ಆ ಖಾಲಿ ಜಾಗದಲ್ಲಿ ಅವಳು ಬರೆದದ್ದು ಈಜುಕೊಳದ ಮಾಸಿಕ ಶುಲ್ಕ.

ಅವಳನ್ನು ಬೈಯುವ ಮುಂಚೆ ಇಷ್ಟು ಕೇಳಿ. ಅವಳ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು, ಮತ್ತೆ ಏಳಲೇ ಇಲ್ಲ. ಹಾಸಿಗೆಯಲ್ಲೇ ಮುಗಿದುಹೋದಳು. ಆ ಅಮ್ಮನ ಗಂಡ ದಿನಾ ಬೆಳಿಗ್ಗೆ ಚೀಲ ಹೆಗಲಿಗೇರಿಸಿಕೊಂಡು ಈಜಲು ಹೋಗುತ್ತಾನೆ. ಹೋದ ತಿಂಗಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಕಾಲು ಜಾರಿ ಮೊಣಕೈ ತರಚಿಕೊಂಡು ಬಂದ. ಪುಟ್ಟಿ ಆ ರಕ್ತ ಒರೆಸಿ, ಜಾರದ ರಬ್ಬರ್ ಚಪ್ಪಲಿ ತಂದುಕೊಟ್ಟಳು. ‘ಮುದುಕರ ಚಪ್ಪಲಿ ನನಗ್ಯಾಕೆ?’ ಎಂದು ಡಬ್ಬಿ ಸಮೇತ ಮಂಚದ ಕೆಳಗೆ ತಳ್ಳಿದ. ಹೋಗಬೇಡ ಎಂದು ಕಾಲು ಹಿಡಿಯುವುದೊಂದು ಬಾಕಿ. ‘ನೀರಲ್ಲಿ ಮಾತ್ರ ನನಗೆ ಮೈ ಭಾರ ಅನಿಸಲ್ಲ, ಕಿವಿ ಕೇಳಿಸದಿದ್ರೂ ಯಾರೂ ಕೂಗಲ್ಲ. ಅದೊಂದನ್ನ ಬಿಡು ಅನ್ನಬೇಡ’ ಎಂದ.

ಈಜುಕೊಳದ ನಿಯಮ ಪುಟ್ಟಿಗೆ ಗೊತ್ತಿತ್ತು. ಒಂದು ತಿಂಗಳ ಕಂತು ತಪ್ಪಿದರೆ ಸದಸ್ಯತ್ವ ಹೋಯಿತು, ಮತ್ತೆ ಹೊಸದಾಗಿ ಸೇರಬೇಕು. ಆ ವಯಸ್ಸಿನವರನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಪ್ಪ ಕೇಳಿದರೆ ‘ಅದ್ಹೇಗೋ ಬ್ಯಾಂಕಿನವರು ತಪ್ಪಿ ನಿಲ್ಲಿಸಿಬಿಟ್ಟಿದ್ದಾರೆ’ ಅಂದರಾಯಿತು ಎಂದು ಲೆಕ್ಕ ಹಾಕಿದ್ದಳು.

ಟೋಕನ್ ಸಂಖ್ಯೆ ಬಂತು. ಪುಟ್ಟಿ ಎದ್ದು ಗಾಜಿನ ಹಿಂದೆ ಕೂತಿದ್ದ ಅಧಿಕಾರಿಯ ಮುಂದೆ ಕೂತಳು. ಅವಳಿಗಿಂತ ಚಿಕ್ಕ ವಯಸ್ಸಿನ ಹೆಂಗಸು, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಪತ್ರವನ್ನು ಬಿಡಿಸಿ ಹಾಸಿ, ಅಪ್ಪನ ಗುರುತಿನ ಚೀಟಿಯ ಪ್ರತಿ, ಪುಟ್ಟಿಯ ಗುರುತಿನ ಚೀಟಿ, ಎರಡನ್ನೂ ಪಕ್ಕಕ್ಕಿಟ್ಟುಕೊಂಡರು. ಕಂಪ್ಯೂಟರಿನ ಪರದೆಯ ಮೇಲೆ ಅಪ್ಪನ ಹಳೆಯ ಸಹಿ ತೆರೆದು, ಪತ್ರದ ಸಹಿಯೊಂದಿಗೆ ಹೋಲಿಸಿದರು.

‘ಸಹಿ ಸರಿಯಾಗಿದೆ. ಇದು ಬರೀ ನಿಲ್ಲಿಸೋಕೆ ಮಾತ್ರ ಮೇಡಂ. ಹಣ ತೆಗೆಯೋಕಾಗಲ್ಲ, ಹೊಸದು ಶುರು ಮಾಡೋಕಾಗಲ್ಲ. ನಿಲ್ಲಿಸಿದ್ದನ್ನ ಮತ್ತೆ ಹಾಕಬೇಕಂದ್ರೆ ತಂದೆಯವರೇ ಹೊಸ ಸಹಿ ಕೊಡಬೇಕು.’

‘ಗೊತ್ತು ಮೇಡಂ.’

‘ಇಲ್ಲಿ ನಾವು ನಿಲ್ಲಿಸಿದ್ರೆ ಹಣ ಹೋಗೋದು ನಿಲ್ಲುತ್ತೆ ಅಷ್ಟೇ. ಆ ಕಂಪನಿಗಳಿಗೂ ಬೇರೆಯಾಗಿ ತಿಳಿಸಿ. ಇಲ್ಲಾಂದ್ರೆ ಅವರು ಬಾಕಿ ಅಂತ ನೋಟಿಸ್ ಕಳಿಸ್ತಾರೆ.’ ಅಧಿಕಾರಿ ಮೂಗು ಒರೆಸಿಕೊಂಡರು. ‘ಸರಿ, ಒಂದು ಫೋನ್ ಮಾಡಿಬಿಡ್ತೀನಿ.’

‘ಯಾರಿಗೆ?’

‘ತಂದೆಯವರಿಗೆ. ಬೇರೆಯವರು ಪತ್ರ ತಂದ್ರೆ ನಾವು ಖಾತೆದಾರರನ್ನ ಕೇಳಲೇಬೇಕು.’

ಇದು ಅವಳ ಲೆಕ್ಕದಲ್ಲಿ ಇರಲಿಲ್ಲ. ‘ಅವರಿಗೆ ಕಿವಿ ಮಂದ ಮೇಡಂ, ಫೋನಲ್ಲಿ ಸರಿಯಾಗಿ ಕೇಳಿಸಲ್ಲ’ ಎಂದಳು. ‘ಪರವಾಗಿಲ್ಲ, ಜೋರಾಗಿ ಹೇಳ್ತೀನಿ’ ಎಂದು ಅಧಿಕಾರಿ ಆಗಲೇ ಸಂಖ್ಯೆ ಒತ್ತುತ್ತಿದ್ದರು. ಎದ್ದು ಪತ್ರ ಕಸಿದುಕೊಂಡು ಓಡಿಬಿಡಲೇ ಅನ್ನಿಸಿತು. ಓಡಲಿಲ್ಲ. ಐವತ್ತು ದಾಟಿದವರು ಬ್ಯಾಂಕಿನಿಂದ ಓಡುವುದು ಅಷ್ಟು ಸುಲಭವೂ ಅಲ್ಲ, ಬಾಗಿಲಲ್ಲಿ ಕಾವಲುಗಾರ ಬೇರೆ ಇದ್ದ.

ಕಿವಿ ಮಂದವಾದವರು ಲೋಕವೇ ಕಿವುಡು ಎಂದುಕೊಂಡು ಮಾತಾಡುತ್ತಾರೆ. ಅಪ್ಪನ ದನಿ ಫೋನಿನಿಂದ ಹೊರಗೆ ಸೋರಿ ಪುಟ್ಟಿಯವರೆಗೂ ಬಂತು. ಹುಟ್ಟಿದ ತಾರೀಖು ಹೇಳಿದ. ಹಳೆಯ ವಿಳಾಸ ಹೇಳಿದ. ಎಲ್ಲ ಸರಿ.

‘ಸರ್, ಏನೇನು ನಿಲ್ಲಿಸಬೇಕು ಅಂತ ನೀವೇ ಹೇಳಿ’ ಎಂದರು ಅಧಿಕಾರಿ.

‘ಬರ್ಕೋ ತಾಯಿ. ಒಂದು, ಕೂದಲೆಣ್ಣೆ. ಎರಡು, ಆ ವೈರಸ್ಸು. ಮೂರು, ಗೊಂಬೆ ಚಾನೆಲ್ಲು. ನಾಲ್ಕು, ಐದು, ಪತ್ರಿಕೆಗಳು. ಆರು, ಮೊಬೈಲ್ ವಿಮೆ. ಆರೇ.’

ಅಧಿಕಾರಿಯ ಪೆನ್ನು ಒಂದೊಂದೇ ಸಾಲಿನ ಮೇಲೆ ಇಳಿದು ಆರನೆಯದರಲ್ಲಿ ನಿಂತಿತು. ‘ಇಲ್ಲಿ ಏಳಿದೆಯಲ್ಲ ಸರ್?’

‘ಆರು ತಾಯಿ. ನಾನೇ ಹೇಳಿ ಬರೆಸಿದ್ದು.’

‘ಏಳನೇದು ಈಜುಕೊಳ ಅಂತ ಇದೆ. ತಿಂಗಳ ಶುಲ್ಕ.’

ಫೋನು ಸುಮ್ಮನಾಯಿತು. ಪುಟ್ಟಿಗೆ ಕೆಂಡದ ಮೇಲೆ ಕೂತ ಹಾಗಾಯಿತು. ಅಪ್ಪ ಎಲ್ಲಿ ನಿಂತಿರುತ್ತಾನೆಂದು ಅವಳಿಗೆ ಗೊತ್ತು: ಅಡುಗೆಮನೆಯ ಕಿಟಕಿಯ ಪಕ್ಕ, ಫೋನಿಗೆ ಸಿಗ್ನಲ್ ಅಲ್ಲೇ ಚೆನ್ನಾಗಿ ಸಿಗುವುದು. ಕಿಟಕಿಯ ಆಚೆ ತಂತಿಯ ಮೇಲೆ ಬೆಳಿಗ್ಗೆ ಒಣಹಾಕಿದ ಅವನ ಈಜುಡುಗೆ ಇರುತ್ತದೆ. ‘ಇಲ್ಲ’ ಎಂದುಬಿಡು ಅಪ್ಪ, ಬೈದುಬಿಡು, ಮುಗಿದುಹೋಗಲಿ ಎಂದು ಅವಳ ಒಂದು ಮನಸ್ಸು ಕೂಗುತ್ತಿತ್ತು. ಇನ್ನೊಂದು ಮನಸ್ಸು ಏನು ಕೂಗುತ್ತಿತ್ತೋ ಅದನ್ನು ನಾನು ಹೇಳುವುದಿಲ್ಲ, ನಾಚಿಕೆಗೇಡು.

‘ತಾಯಿ,’ ಎಂದ ಅಪ್ಪ ಕಡೆಗೆ, ‘ನನ್ನ ಮಗಳು ನಿಮ್ಮ ಎದುರಿಗೇ ಕೂತಿದ್ದಾಳಾ?’

‘ಹೌದು ಸರ್, ಇಲ್ಲೇ ಇದ್ದಾರೆ.’

‘ಹಾಗಾದ್ರೆ ಏಳೇ. ಅದೂ ನಾನೇ ಹೇಳಿದ್ದು. ವಯಸ್ಸಾಯ್ತಲ್ಲ, ಮರೆತುಬಿಟ್ಟೆ.’

ಅಪ್ಪ ಮರೆಯುವುದೆಂದರೇನು? ನಲವತ್ತು ವರ್ಷದ ಹಿಂದೆ ಬರೆದ ಕ್ರಯಪತ್ರದ ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನು ಇವತ್ತಿಗೂ ಒಪ್ಪಿಸುವ ಮನುಷ್ಯ ಅವನು. ಅವನು ತನ್ನ ನೀರನ್ನು ಕೊಟ್ಟುಬಿಟ್ಟ. ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತಿನಲ್ಲಿ, ಇವಳ ಮಾನ ಉಳಿಸಲು.

ಅಧಿಕಾರಿ, ‘ಒಂದು ನಿಮಿಷ ಲೈನಲ್ಲೇ ಇರಿ ಸರ್’ ಎಂದು ಫೋನನ್ನು ಮೇಜಿನ ಮೇಲಿಟ್ಟು ಪುಟ್ಟಿಯ ಕಡೆ ಬಗ್ಗಿದರು. ‘ಮೇಡಂ, ತಂದೆಯವರಿಗೆ ಮರೆವು ಜಾಸ್ತಿ ಇದೆಯಾ?’

‘ಯಾಕೆ?’

‘ತಾನೇ ಬರೆಸಿದ್ದು ನೆನಪಿಲ್ಲ ಅಂತಿದ್ದಾರೆ. ಅವರಿಗೆ ತಿಳುವಳಿಕೆ ಇದ್ದು ಕೊಟ್ಟಿದ್ರೆ ಮಾತ್ರ ಈ ಪತ್ರಕ್ಕೆ ಬೆಲೆ. ಮರೆವಿನ ಕಾಯಿಲೆ ಇದ್ರೆ ಇದರ ಮೇಲೆ ನಾನು ಏನೂ ಮಾಡೋ ಹಾಗಿಲ್ಲ. ಖಾತೆಯಲ್ಲಿ ಒಂದು ಟಿಪ್ಪಣಿ ಹಾಕಬೇಕಾಗುತ್ತೆ, ವೈದ್ಯರ ಪತ್ರ ತರಬೇಕಾಗುತ್ತೆ. ಅವರ ಒಳ್ಳೇದಕ್ಕೇ ಹೇಳ್ತಿದ್ದೀನಿ, ಇಂಥವರ ಖಾತೆ ಮೇಲೆ ಎಷ್ಟು ಜನ ಕಣ್ಣು ಹಾಕ್ತಾರೆ ಗೊತ್ತಾ?’

ಕೀಬೋರ್ಡಿನ ಮೇಲೆ ಆಕೆಯ ಬೆರಳುಗಳು ಕಾಯುತ್ತಿದ್ದವು. ಈಗ ನೋಡಿ ಇಕ್ಕಟ್ಟು. ಪುಟ್ಟಿ ಸುಮ್ಮನಿದ್ದರೆ ಅವಳು ಬಚಾವು. ಆದರೆ ಅಪ್ಪನ ಹೆಸರಿನ ಮುಂದೆ ‘ಬುದ್ಧಿ ಸರಿಯಿಲ್ಲ’ ಎಂಬ ಅರ್ಥದ ಮಾತು ಬಂದು ಕೂರುತ್ತದೆ. ನಾಳೆ ಅವನು ತನ್ನದೇ ಸಹಿ ಹಾಕಿದರೂ ಇವರು ಎರಡು ಸಲ ಯೋಚಿಸುತ್ತಾರೆ. ಜನ್ಮವಿಡೀ ಊರಿನ ಸಹಿಗಳನ್ನು ಕಾದವನ ಸಹಿಗೆ ಬೆಲೆ ಇಲ್ಲದಂತಾಗುತ್ತದೆ. ಬಾಯಿ ಬಿಟ್ಟರೆ ಇವಳು ಕಳ್ಳಿ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

‘ಮೇಡಂ, ಟೈಪ್ ಮಾಡಬೇಡಿ,’ ಎಂದಳು. ದನಿ ಅವಳದೇ ಎಂದು ಅವಳಿಗೇ ಅನ್ನಿಸಲಿಲ್ಲ. ‘ನಮ್ಮಪ್ಪನಿಗೆ ಮರೆವಿಲ್ಲ. ಅವರು ಆರೇ ಹೇಳಿದ್ದು. ಏಳನೇ ಸಾಲು ನಾನು ಸೇರಿಸಿದ್ದು. ಅವರು ಸಹಿ ಹಾಕಿ ಹೋದ ಮೇಲೆ.’

ಅಧಿಕಾರಿ ಮೂಗು ಒರೆಸುತ್ತಿದ್ದ ಕರವಸ್ತ್ರವನ್ನು ಕೆಳಗಿಟ್ಟರು. ಪುಟ್ಟಿಯ ಹಿಂದೆ ಕಾಯುತ್ತಿದ್ದ ಗಂಡಸೊಬ್ಬ ಕೆಮ್ಮಿದ, ಕೆಮ್ಮು ಬಂದೇ ಕೆಮ್ಮಿದನೋ ಏನೋ, ಪುಟ್ಟಿಯ ಕಿವಿ ಮಾತ್ರ ಸುಟ್ಟುಹೋಯಿತು.

‘ಇದನ್ನ ಏನಂತ ಕರೀತಾರೆ ಗೊತ್ತಾ ನಿಮಗೆ?’

‘ಗೊತ್ತು.’

‘ಗೊತ್ತಿದ್ದೂ ಮಾಡಿದ್ರಾ?’

‘ಅವರು ಜಾರಿ ಬಿದ್ರು ಮೇಡಂ. ಅಮ್ಮನೂ ಹಾಗೇ ಹೋಗಿದ್ದು. ನನಗೆ ಹೆದರಿಕೆ ಆಯ್ತು. ಹೆದರಿಕೆಗೆ ಮಾಡಿದೆ.’

ಅಧಿಕಾರಿ ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹೊಡೆದರು. ‘ತಿದ್ದಿದ ಪತ್ರದ ಮೇಲೆ ಆರು ಸಾಲಿಗೂ ನಾನು ಕೈ ಹಾಕಲ್ಲ. ನೀವೇ ಒಪ್ಪಿಕೊಂಡ್ರಿ, ಇನ್ನೂ ಏನೂ ನಿಂತಿಲ್ಲ, ಅದಕ್ಕೆ ಮೇಲಕ್ಕೆ ಕಳಿಸ್ತಿಲ್ಲ. ಆದ್ರೆ ಹೊಸ ಪತ್ರಕ್ಕೆ ತಂದೆಯವರೇ ಇಲ್ಲಿಗೆ ಬಂದು ನನ್ನ ಕಣ್ಣೆದುರಿಗೆ ಸಹಿ ಹಾಕಬೇಕು.’ ನಂತರ ಮೇಜಿನ ಮೇಲಿದ್ದ ಫೋನು ನೆನಪಾಗಿ ಎತ್ತಿಕೊಂಡು, ‘ಸರ್, ಇದ್ದೀರಾ?’ ಎಂದರು.

‘ಇದ್ದೀನಿ ತಾಯಿ. ಅವಳ ದನಿ ಕೇಳ್ತು, ಮಾತು ಕೇಳಿಸಲಿಲ್ಲ. ಏನಂದ್ಳು?’

ಅಧಿಕಾರಿ ಪುಟ್ಟಿಯ ಮುಖ ನೋಡಿದರು. ‘ನಿಮಗೆ ಮರೆವಿಲ್ಲ ಅಂದ್ರು.’

ಅತ್ತ ಕಡೆಯಿಂದ, ‘ಅವಳಿಗೆ ಅಲ್ಲೇ ಕೂತಿರೋಕೆ ಹೇಳಿ. ನಾನು ಬರ್ತೀನಿ.’

ಪುಟ್ಟಿ ಬೆಂಚಿಗೆ ಮರಳಿದಳು. ಟೋಕನ್ ಯಂತ್ರ ಕೂಗುತ್ತಿತ್ತು, ಜನ ಬರುತ್ತಿದ್ದರು, ಹೋಗುತ್ತಿದ್ದರು. ಅಪ್ಪ ಬಂದು ಎಲ್ಲರೆದುರಿಗೆ ಕೆನ್ನೆಗೆ ಬಾರಿಸಿದರೂ ಸರಿಯೇ ಎನ್ನಿಸುತ್ತಿತ್ತು. ಬಾಗಿಲು ತೆರೆದಾಗಲೆಲ್ಲ ತಲೆ ಎತ್ತಿ ನೋಡುತ್ತಿದ್ದಳು.

ಕೊನೆಗೆ ಅಪ್ಪ ಬಂದ. ಇಸ್ತ್ರಿಯ ಅಂಗಿ, ಜೇಬಿನಲ್ಲಿ ಪೆನ್ನು, ಕಂಕುಳಲ್ಲಿ ಹಳೆಯ ಚರ್ಮದ ಚೀಲ. ಬಾಗಿಲ ಬಳಿ ಕಾವಲುಗಾರ ಕೈ ಹಿಡಿಯಲು ಬಂದರೆ ಬೇಡವೆಂದು ತಲೆಯಾಡಿಸಿದ. ಪುಟ್ಟಿ ಅವನ ಮುಖ ನೋಡಲಾರದೆ ಕಾಲು ನೋಡಿದಳು. ಕಾಲಲ್ಲಿ ಅವಳು ತಂದುಕೊಟ್ಟ ರಬ್ಬರ್ ಚಪ್ಪಲಿ ಇತ್ತು. ಡಬ್ಬಿಯ ಒಳಗಿನ ಕಾಗದದ ಚೂರೊಂದು ಇನ್ನೂ ಹಿಮ್ಮಡಿಗೆ ಅಂಟಿಕೊಂಡಿತ್ತು.

ಅಪ್ಪ ಪಕ್ಕದಲ್ಲಿ ಕೂತ.

‘ಯಾಕಪ್ಪಾ ಹೌದು ಅಂದೆ?’

‘ಮೆಲ್ಲಗೆ ಮಾತಾಡು ಅಂತ ನನಗೆ ಹೇಳ್ತೀಯ, ಈಗ ನೀನೇ ಕೂಗ್ತಿದ್ದೀಯ,’ ಎಂದ ಅಪ್ಪ. ಅವನ ಮಟ್ಟಿಗೆ ಅದು ಪಿಸುಮಾತು, ಅರ್ಧ ಬ್ಯಾಂಕಿಗೆ ಕೇಳಿಸಿತು. ಆಮೇಲೆ ನಿಜವಾಗಿಯೂ ದನಿ ತಗ್ಗಿಸಿದ. ‘ಸಹಿ ಆದ ಮೇಲೆ ಸಾಲು ಸೇರಿಸಿದವರನ್ನ ಪೊಲೀಸರು ಕಚೇರಿ ಮೆಟ್ಟಿಲ ಮೇಲೆ ಎಳ್ಕೊಂಡು ಹೋಗೋದನ್ನ ನಾನು ನೋಡಿದ್ದೀನಿ. ಈಜೋದು ಬಿಟ್ರೆ ನಾನು ಸಾಯಲ್ಲ. ನಿನ್ನನ್ನ ಹಾಗೆ ನೋಡಿದ್ರೆ ಸಾಯ್ತೀನಿ.’

‘ತಪ್ಪಾಯ್ತಪ್ಪ.’

‘ಹೂಂ.’ ಅಪ್ಪ ಕಾಲು ಮುಂದೆ ಚಾಚಿ ಚಪ್ಪಲಿಯನ್ನು ತಾನೇ ಹೊಸದಾಗಿ ನೋಡಿದ. ‘ಅಸಹ್ಯವಾಗಿದೆ. ಆದ್ರೆ ಜಾರಲ್ಲ. ನಾಳೆಯಿಂದ ಕೊಳದ ಹತ್ರ ಇದನ್ನೇ ಹಾಕ್ತೀನಿ. ನಿನ್ನ ಹೆದರಿಕೆಗೆ ಇಷ್ಟು. ಇದರ ಮೇಲೆ ಕೇಳಬೇಡ.’

ಪುಟ್ಟಿ ತಲೆಯಾಡಿಸಿದಳು. ಮೈ ಹಗುರಾಯಿತು. ಹೆತ್ತವರ ಸಿಟ್ಟು ಎಷ್ಟು ಹೊತ್ತು, ಎಲ್ಲ ಮುಗಿಯಿತು, ಕ್ಷಮಿಸಿಬಿಟ್ಟ ಎಂದುಕೊಂಡಳು. ಸಂಜೆ ಅವನಿಗೆ ಇಷ್ಟವಾದದ್ದೇನಾದರೂ ಮಾಡಿಕೊಡಬೇಕು ಎಂದೂ ಯೋಚಿಸಿದಳು.

ಟೋಕನ್ ಬಂತು. ಅಧಿಕಾರಿ ಎದ್ದು ನಿಂತು ಅಪ್ಪನಿಗೆ ಕುರ್ಚಿ ಸರಿಸಿದರು. ಬಿಳಿ ಹಾಳೆ ಮುಂದಿಟ್ಟು, ‘ನೀವು ಹೇಳಿ ಸರ್, ಮಗಳು ಬರೀಲಿ’ ಎಂದರು.

‘ಇಲ್ಲ ತಾಯಿ, ನಾನೇ ಬರೀತೀನಿ.’

ಅಪ್ಪ ಬರೆದ. ಕೈ ನಡುಗುತ್ತಿತ್ತು, ಅಕ್ಷರಗಳು ಸಾಲಿನಿಂದ ಇಳಿದು ಹತ್ತಿ ಹೋಗುತ್ತಿದ್ದವು. ಆದರೂ ಒಂದೊಂದು ಉಲ್ಲೇಖ ಸಂಖ್ಯೆಯನ್ನೂ ಚೀಟಿ ನೋಡದೆ ಬರೆದ. ಅಧಿಕಾರಿ ಪರದೆಯ ಜೊತೆ ತಾಳೆ ನೋಡುತ್ತಾ, ಒಂದೂ ತಪ್ಪಿಲ್ಲವೆಂದು ಪುಟ್ಟಿಯ ಕಡೆ ನೋಡಿ ಸಣ್ಣಗೆ ನಕ್ಕರು. ಆರನೆಯದು ಮುಗಿಯಿತು. ‘ಒಟ್ಟು ಆರು ಮಾತ್ರ’ ಎಂದು ಅಕ್ಷರದಲ್ಲೂ ಬರೆದ, ಅಂಕಿಯಲ್ಲೂ ಬರೆದ. ಕೆಳಗೆ ಎರಡು ಬೆರಳಿನಷ್ಟು ಜಾಗ ಉಳಿದಿತ್ತು.

ಅಪ್ಪ ಪೆನ್ನು ಕೆಳಗಿಟ್ಟ. ಚರ್ಮದ ಚೀಲದ ಗುಂಡಿ ಬಿಚ್ಚಿ, ಒಳಗೆ ಕೈ ಹಾಕಿ, ಮರದ ಸ್ಕೇಲು ತೆಗೆದ. ಅದನ್ನು ಹುಡುಕಿ ತರಲೆಂದೇ ಇಷ್ಟು ಹೊತ್ತಾಗಿತ್ತು ಎಂದು ಪುಟ್ಟಿಗೆ ಆಗ ತಿಳಿಯಿತು.

ಅವನು ಅವಳ ಕಡೆ ನೋಡಲಿಲ್ಲ. ಸ್ಕೇಲನ್ನು ಹಾಳೆಯ ಮೇಲೆ ಓರೆಯಾಗಿಟ್ಟು, ಎಡಗೈಯಿಂದ ಒತ್ತಿ ಹಿಡಿದು, ಆರನೆಯ ಸಾಲಿನ ಬುಡದಿಂದ ಸಹಿಯ ಜಾಗದವರೆಗೆ ಒಂದು ಗೆರೆ ಎಳೆದ. ಇಷ್ಟು ಹೊತ್ತು ನಡುಗುತ್ತಿದ್ದ ಕೈ ಆಗ ನಡುಗಲಿಲ್ಲ. ಗೆರೆ ನೇರವಾಗಿ ಬಂತು.

ಆಮೇಲೆ ಸಹಿ ಹಾಕಿ, ಹಾಳೆಯನ್ನು ಪುಟ್ಟಿಯ ಮುಂದೆ ಸರಿಸಿದ. ‘ಇಲ್ಲಿ ನಿನ್ನ ಸಹಿ,’ ಎಂದು ಬೆರಳಿಟ್ಟು ತೋರಿಸಿದ, ಮೆಟ್ಟಿಲ ಬಳಿಯ ಮೇಜಿಗೆ ಬಂದ ಯಾರೋ ಒಬ್ಬರಿಗೆ ತೋರಿಸಿದ ಹಾಗೆ. ಪುಟ್ಟಿ ಗೆರೆಯ ಕೆಳಗೆ ಸಹಿ ಹಾಕಿದಳು.